ಹಳ್ಳ, ನಾಲೆ ಮತ್ತು ಹೋಗಿಬಿಟ್ಟ ಪತ್ರಗಳು

ಅನುವಾದಕ್ಕೆ ಪದಪಟ್ಟಿ ಹೇಗಿರಬೇಕು ಎಂದು ಯಾರನ್ನೇ ಕೇಳಿ, ಮೊದಲ ಉತ್ತರ ಒಂದೇ: ಒಂದು ಪದಕ್ಕೆ ಒಂದು ಪದ ಗೊತ್ತು ಮಾಡಿಕೊಳ್ಳಿ, ಕೊನೆಯವರೆಗೂ ಅದನ್ನೇ ಬಳಸಿ. ಪುಸ್ತಕಕ್ಕೆ ಈ ಮಾತು ಒಪ್ಪುತ್ತದೆ. ಇನ್ನೂರನೇ ಪುಟಕ್ಕೆ ಬಂದಾಗ ಮನಸ್ಸು ಬದಲಾದರೆ ಹಿಂದೆ ಹೋಗಿ ಮೊದಲ ಪುಟದಿಂದ ತಿದ್ದಿಕೊಂಡು ಬರಬಹುದು, ಓದುಗನಿಗೆ ಗೊತ್ತೇ ಆಗುವುದಿಲ್ಲ. ಪತ್ರವ್ಯವಹಾರದಲ್ಲಿ ಆ ಅನುಕೂಲ ಇಲ್ಲ. ಹೋದ ಮೇಲ್ ಹೋಯಿತು. ಅದನ್ನು ಓದಿದವರು ಅದರಲ್ಲಿದ್ದ ಪದವನ್ನೇ ನಂಬಿ ಜೆಸಿಬಿಗೆ ಮುಂಗಡ ಕೊಟ್ಟಿರುತ್ತಾರೆ, ಪಂಚಾಯಿತಿಯಲ್ಲಿ ಠರಾವು ಮಾಡಿಸಿರುತ್ತಾರೆ, ಬಿಲ್ಲಿನ ಮೇಲೆ ಅದೇ ಹೆಸರು ಬರೆದಿರುತ್ತಾರೆ. ಆಮೇಲೆ ನೀವು ಎಷ್ಟೇ ಸರಿಯಾದ ಪದ ಕಂಡುಹಿಡಿದರೂ ಹಳೆಯ ಪದ ಲೋಕದಲ್ಲಿ ಓಡಾಡಿಕೊಂಡಿರುತ್ತದೆ.

ನಾನು ಪುಣೆಯಲ್ಲಿ ಕೂತು ಮರಾಠಿ ಮೇಲ್‌ಗಳನ್ನು ಕನ್ನಡಕ್ಕೆ, ಕನ್ನಡದವನ್ನು ಮರಾಠಿಗೆ ಮಾಡುವ ಕೆಲಸದಲ್ಲಿದ್ದೇನೆ. ಕೋಥರೂಡಿನ ಒಂದು ಸಂಸ್ಥೆ, ನೀರಿನ ಕೆಲಸ. ಇಂಜಿನಿಯರುಗಳು ಇಲ್ಲಿಯವರು, ಮರಾಠಿಯಲ್ಲಿ ಬರೆಯುತ್ತಾರೆ. ಕೆಲಸ ನಡೆಯುವುದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಮತ್ತು ಗಡಿ ದಾಟಿದರೆ ಸಿಗುವ ವಿಜಯಪುರ ಜಿಲ್ಲೆಯ ಊರುಗಳಲ್ಲಿ. ಡೋಣಿ ನದಿ ಹುಟ್ಟುವುದೇ ಜತ್ತದಲ್ಲಿ, ಹರಿಯುವುದು ವಿಜಯಪುರಕ್ಕೆ. ಹಾಗಾಗಿ ಮೇಲಿನ ಹಳ್ಳಗಳಲ್ಲಿ ಏನು ಮಾಡಿದರೂ ಕೆಳಗಿನವರಿಗೆ ತಿಳಿಸಲೇಬೇಕು. ವಿಜಯಪುರದ ಜೊತೆಗಾರ ಸಂಸ್ಥೆಯವರು ಕನ್ನಡದಲ್ಲಿ ಬರೆಯುತ್ತಾರೆ. ಅವರ ಹಣಕಾಸು ನೋಡಿಕೊಳ್ಳುವ ಕಚೇರಿ ಬೆಂಗಳೂರಿನಲ್ಲಿದೆ. ಪ್ರತಿ ಮೇಲ್‌ಗೂ ಮೂವರು ಓದುಗರು, ಮೂರು ಊರು.

ಈ ಕೆಲಸ ನನ್ನ ಕೈಗೆ ಬರುವ ಹೊತ್ತಿಗೆ ಪತ್ರವ್ಯವಹಾರ ಅರ್ಧ ದಾರಿ ನಡೆದಿತ್ತು. ನನಗಿಂತ ಮುಂಚೆ ಬೇರೆ ಬೇರೆಯವರು ಅನುವಾದ ಮಾಡಿದ್ದರು, ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಕನ್ನಡದಲ್ಲಿ. ಯಾರದ್ದೂ ಕೆಟ್ಟ ಅನುವಾದವಲ್ಲ. ಒಂದೊಂದನ್ನೇ ಬಿಡಿಯಾಗಿ ಓದಿದರೆ ಎಲ್ಲವೂ ಚೆನ್ನಾಗಿಯೇ ಇವೆ. ಸಾಲಾಗಿ ಇಟ್ಟು ಓದಿದಾಗ ಮಾತ್ರ ಒಂದೇ ಕಾಮಗಾರಿ ಮೂರು ಕಾಮಗಾರಿಗಳಂತೆ ಕಾಣುತ್ತಿತ್ತು.

ಒಂದು ವಾಕ್ಯ ತೋರಿಸುತ್ತೇನೆ. ಇಂಜಿನಿಯರ್ ಸಾಹೇಬರ ಮರಾಠಿ ಮೇಲ್‌ನಲ್ಲಿ ಒಂದು ಕೆಲಸದ ಬಾಬತ್ತು ಹೀಗಿತ್ತು: ‘ನಾಲಾ ಖೋಲೀಕರಣ ವ ರುಂದೀಕರಣ, ಲಾಂಬಿ 800 ಮೀ., ಸಾಠವಣ 16 ಟಿಸಿಎಂ, ಅಹವಾಲ ಸೋಬತ ಜೋಡಲಾ ಆಹೆ.’ ಅಂದರೆ, 800 ಮೀಟರ್ ಉದ್ದಕ್ಕೆ ಹಳ್ಳವನ್ನು ಆಳ ಮತ್ತು ಅಗಲ ಮಾಡುವ ಕೆಲಸ, 16 ಟಿಸಿಎಂ ನೀರು ನಿಲ್ಲುತ್ತದೆ, ವರದಿ ಲಗತ್ತಿಸಿದೆ. ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ತೊಂದರೆ ಇದ್ದದ್ದು ನಮಗೆ ಗೊತ್ತು ಅನ್ನಿಸುವ ಪದಗಳಲ್ಲೇ. ಅಹವಾಲ ಎಂದರೆ ಮರಾಠಿಯಲ್ಲಿ ವರದಿ; ಕನ್ನಡದಲ್ಲಿ ಅಹವಾಲು ಎಂದರೆ ದೂರು-ದುಮ್ಮಾನದ ಅರ್ಜಿ. ಖೋಲಿ ಎಂದರೆ ಮರಾಠಿಯಲ್ಲಿ ಕೋಣೆಯೂ ಹೌದು, ಆಳವೂ ಹೌದು. ನಮ್ಮ ಧಾರವಾಡದ ಕಡೆ ಖೋಲಿ ಬರೀ ಕೋಣೆ. ಇಂಥವು ಒಮ್ಮೆ ನಗಿಸಿ ಮುಗಿದುಹೋಗುತ್ತವೆ, ಏಕೆಂದರೆ ತಪ್ಪಾದರೆ ವಾಕ್ಯವೇ ಅರ್ಥವಾಗದೆ ಓದಿದವರು ಫೋನ್ ಮಾಡಿ ಕೇಳುತ್ತಾರೆ. ಅಪಾಯ ಇರುವುದು ತಪ್ಪಾದರೂ ಅರ್ಥವಾಗಿಬಿಡುವ ಪದಗಳಲ್ಲಿ.

ನಾಲಾ ಅಂಥದ್ದು. ಮೊದಲನೆಯವರು ಅದನ್ನು ‘ನಾಲೆ’ ಎಂದು ಬರೆದಿದ್ದರು, ಎರಡನೆಯವರು ‘ಹಳ್ಳ’ ಎಂದು, ಮೂರನೆಯವರು ಮರಾಠಿಯನ್ನೇ ಇಟ್ಟು ‘ನಾಲಾ’ ಎಂದು. ಮರಾಠಿಯಲ್ಲಿ ನಾಲಾ ಎಂದರೆ ಮಳೆಗಾಲದಲ್ಲಿ ತಾನಾಗಿ ಹರಿಯುವ ತೊರೆ; ಮನುಷ್ಯರು ತೋಡಿದ ನೀರಾವರಿ ಕಾಲುವೆಗೆ ಅವರು ಕಾಲವಾ ಅನ್ನುತ್ತಾರೆ. ಹಳೆ ಮೈಸೂರಿನ ಕನ್ನಡದಲ್ಲಿ ನಾಲೆ ಎಂದರೆ ಆ ಕಾಲುವೆಯೇ. ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಗೊತ್ತಿರುವ ಯಾರಿಗೂ ನಾಲೆ ಎಂದರೆ ಹಳ್ಳ ಎಂದು ಹೊಳೆಯುವುದೇ ಇಲ್ಲ. ವಿಜಯಪುರದ ಕಡೆ ಕತೆ ಬೇರೆ. ಆ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಕಂದಾಯದ ಮತ್ತು ಕಚೇರಿಯ ಎಷ್ಟೋ ಮರಾಠಿ ಪದಗಳು ಅಲ್ಲಿ ಕನ್ನಡವೇ ಆಗಿಹೋಗಿವೆ. ಅಲ್ಲಿಯವರಿಗೆ ನಾಲಾ ಎಂದರೆ ಹಳ್ಳ ಎಂದು ಗೊತ್ತು, ಕಾಲುವೆಗೆ ಅವರು ಕೆನಾಲ್ ಅನ್ನುತ್ತಾರೆ.

ಹೀಗಾಗಿ ಒಂದೇ ಮೇಲ್ ಎರಡು ಕಡೆ ಎರಡು ಥರ ಓದಿಸಿಕೊಂಡಿತು. ವಿಜಯಪುರದ ಕ್ಷೇತ್ರ ಸಂಯೋಜಕರು ‘ನಾಲೆ’ ನೋಡಿ ಹಳ್ಳ ಎಂದೇ ತಿಳಿದು ಅಳತೆ ಶುರು ಮಾಡಿದರು. ಬೆಂಗಳೂರಿನ ಕಚೇರಿ ಅದನ್ನು ಕಾಲುವೆ ಎಂದು ಓದಿ, ಸರ್ಕಾರಿ ಕಾಲುವೆ ಅಗೆಯಲು ನೀರಾವರಿ ಇಲಾಖೆಯ ನಿರಾಕ್ಷೇಪಣಾ ಪತ್ರ ಎಲ್ಲಿ ಎಂದು ಕೇಳಿ, ಅದು ಬರುವವರೆಗೆ ಕಂತು ತಡೆಹಿಡಿಯಿತು. ನಡುವೆ ಬಂದ ‘ಹಳ್ಳ’ದ ಮೇಲ್ ಇನ್ನೂ ಗೊಂದಲ ಮಾಡಿತು: ನಾಲೆಯ ಕೆಲಸ ಒಂದು, ಹಳ್ಳದ ಕೆಲಸ ಇನ್ನೊಂದು, ಎರಡಕ್ಕೂ ಅದೇ 800 ಮೀಟರ್ ಯಾಕೆ ಎಂದು ಅವರ ಪ್ರಶ್ನೆ. ಸಂಯೋಜಕರು ನನಗೆ ಫೋನ್ ಮಾಡಿ, “ಅಕ್ಕಾರ, ನಾವು ನಿಂತಿದ್ದು ಹಳ್ಳದಾಗ. ಇವರು ಕೆನಾಲಿನ ಕಾಗದಾ ಕೇಳಾಕತ್ತಾರ. ಕೆನಾಲು ಇಲ್ಲಿಂದ ಎಷ್ಟು ದೂರ ಐತಿ ಗೊತ್ತೇನ್ರಿ?” ಅಂದರು.

ಪದಪಟ್ಟಿ ಮಾಡುವವರು ಇಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆಂದರೆ, ಎಕ್ಸೆಲ್ ತೆರೆದು ಎಡಗಡೆ ‘ನಾಲಾ’, ಬಲಗಡೆ ‘ಹಳ್ಳ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಅದು ನಿಘಂಟು ಆಯಿತು, ನಮಗೆ ಬೇಕಾದದ್ದಲ್ಲ. ನಾನು ಮೊದಲು ಮಾಡಿದ ಕೆಲಸ ಹಳೆಯ ಮೇಲ್‌ಗಳಲ್ಲಿ ಯಾವ ಪದ ಯಾವ ತಾರೀಖಿಗೆ ಯಾರಿಗೆ ಹೋಗಿದೆ ಎಂದು ಹುಡುಕಿದ್ದು. ಎಲ್ಲ ಮೇಲ್‌ಗಳನ್ನೂ ಸಾದಾ ಪಠ್ಯವಾಗಿ ಒಂದು ಫೋಲ್ಡರಿನಲ್ಲಿ ಉಳಿಸಿಕೊಂಡು ಹುಡುಕಬೇಕು. ಜಿಮೇಲ್‌ನ ಹುಡುಕುಪೆಟ್ಟಿಗೆ ಇದಕ್ಕೆ ಸಾಲದು, ಏಕೆಂದರೆ ನಮ್ಮ ಎರಡೂ ಭಾಷೆಗಳಲ್ಲಿ ಪದ ಇದ್ದಂತೆ ಇರುವುದಿಲ್ಲ. ಕನ್ನಡದಲ್ಲಿ ಹಳ್ಳ, ಹಳ್ಳದ, ಹಳ್ಳಕ್ಕೆ, ಹಳ್ಳಗಳಲ್ಲಿ ಎಂದು ಬಾಲ ಬೆಳೆಯುತ್ತದೆ. ಮರಾಠಿಯಲ್ಲಿ ಬುಡವೇ ಬದಲಾಗುತ್ತದೆ: ನಾಲಾ ಇದ್ದದ್ದು ನಾಲ್ಯಾತ, ನಾಲ್ಯಾಚೆ ಆಗುತ್ತದೆ. ‘ನಾಲಾ’ ಎಂದು ಪೂರ್ತಿ ಪದ ಕೊಟ್ಟು ಹುಡುಕಿದರೆ ಎಷ್ಟೋ ಸಾಲುಗಳು ತಪ್ಪಿಹೋಗುತ್ತವೆ. ಟರ್ಮಿನಲ್‌ನಲ್ಲಿ grep ಎಂಬ ಹುಡುಕುವ ಆದೇಶ ಕೊಟ್ಟು, ಕನ್ನಡದ ಕಡೆಗೆ ನಾನು ಬಳಸಿದ ಸಾಲು ಇದು:

```
grep -v '^>' *.txt | grep -E 'ನಾಲ[ಾೆ]|ಹಳ್ಳ([^ಿ]|$)'
```

ಮೊದಲ ಅರ್ಧ, ಉತ್ತರದ ಕೆಳಗೆ ಅಂಟಿಕೊಂಡು ಬರುವ ಹಳೆಯ ಮೇಲ್‌ನ ಸಾಲುಗಳನ್ನು ತೆಗೆದುಹಾಕುತ್ತದೆ. ಇದನ್ನು ಮರೆತರೆ ಒಮ್ಮೆ ಬರೆದ ‘ನಾಲೆ’ ಪ್ರತಿ ಉತ್ತರದಲ್ಲೂ ಮತ್ತೆ ಮತ್ತೆ ಎಣಿಕೆಗೆ ಬಂದು, ಎಲ್ಲರೂ ನಾಲೆ ಎಂದೇ ಬರೆಯುತ್ತಿದ್ದಾರೆ ಎಂಬ ಭ್ರಮೆ ಹುಟ್ಟುತ್ತದೆ. ಎರಡನೆಯ ಅರ್ಧದ ಕೊನೆಯಲ್ಲಿ ಗುಡಿಸು ಬೇಡ ಎಂದಿರುವುದು ಯಾಕೆಂದರೆ, ಅದಿಲ್ಲದಿದ್ದರೆ ‘ಹಳ್ಳ’ದ ಜೊತೆ ‘ಹಳ್ಳಿ’ಯೂ ಸಿಗುತ್ತದೆ, ಗ್ರಾಮೀಣ ಕೆಲಸದ ಮೇಲ್‌ಗಳಲ್ಲಿ ಹಳ್ಳಿ ಇಲ್ಲದ ಸಾಲೇ ಇಲ್ಲ. ‘ನಾಲಾಯಕ್’ ಸಿಕ್ಕರೆ ಅದನ್ನು ಕೈಯಿಂದ ತೆಗೆಯಬೇಕು. ಒಂದು ಗುತ್ತಿಗೆದಾರರ ಬಗ್ಗೆ ಬರೆದ ಮೇಲ್‌ನಲ್ಲಿ ನನಗೆ ಸಿಕ್ಕಿತು ಕೂಡ.

ಹುಡುಕಿದ್ದು ಮುಗಿದ ಮೇಲೆ ಪಟ್ಟಿಯ ಸಾಲು ಬರೆಯಬೇಕು, ಸಾಲು ಪದಕ್ಕಲ್ಲ, ವಸ್ತುವಿಗೆ. ಪರಿಭಾಷೆಯ ಕೆಲಸದ ತತ್ವಗಳನ್ನು ಹೇಳುವ ಐಎಸ್‌ಒ 704 ಎಂಬ ಮಾನದಂಡವೂ ಇದನ್ನೇ ಹೇಳುತ್ತದೆ: ಮೊದಲು ಪರಿಕಲ್ಪನೆ, ಆಮೇಲೆ ಅದಕ್ಕಿರುವ ಹೆಸರುಗಳು. ನಾನು ಇಂಜಿನಿಯರ್ ಸಾಹೇಬರ ಹತ್ತಿರ ಪದದ ಅರ್ಥ ಕೇಳಲಿಲ್ಲ, ಆ ಜಾಗದ ಫೋಟೋ ಕೇಳಿದೆ. ಕಪ್ಪು ಮಣ್ಣಿನ ಎರಡು ದಂಡೆ, ನಡುವೆ ಬೇಸಿಗೆಯಲ್ಲಿ ಒಣಗಿದ ತಳ, ಜಾಲಿ ಗಿಡ. ಅದನ್ನೇ ಸಂಯೋಜಕರಿಗೆ ಕಳಿಸಿ “ಇದಕ್ಕೆ ನಿಮ್ಮ ಊರಾಗ ಏನಂತಾರ?” ಎಂದು ಕೇಳಿದೆ. ಹಳ್ಳ ಅಂದರು. ಬೆಂಗಳೂರಿಗೂ ಅದೇ ಫೋಟೋ ಕಳಿಸಿದೆ. ಅವರೂ ಹಳ್ಳ ಎಂದೇ ಬರೆದರು. ಪದ ಕೇಳಿದ್ದರೆ ವಾದ ಶುರುವಾಗುತ್ತಿತ್ತು, ಚಿತ್ರಕ್ಕೆ ಇಬ್ಬರೂ ಒಂದೇ ಹೆಸರು ಹೇಳಿದರು.

ಆ ಸಾಲಿನಲ್ಲಿ ಈಗ ಇರುವುದು ಇಷ್ಟು. ಮೊದಲು ಒಂದು ಸಂಖ್ಯೆ. ಆಮೇಲೆ ಒಂದೇ ವಾಕ್ಯದ ವಿವರಣೆ: ಮಳೆಗಾಲದಲ್ಲಿ ತಾನಾಗಿ ಹರಿಯುವ ತೊರೆ, ಮನುಷ್ಯರು ತೋಡಿದ್ದಲ್ಲ. ಮರಾಠಿಯಲ್ಲಿ ನಾಲಾ, ಕೆಲವು ಮೇಲ್‌ಗಳಲ್ಲಿ ಓಢಾ. ಕನ್ನಡದಲ್ಲಿ ಬಳಸಬೇಕಾದದ್ದು ಹಳ್ಳ. ಬಳಸಬಾರದ್ದು ನಾಲೆ. ಆದರೆ ಅದರ ಪಕ್ಕದಲ್ಲೇ, ನಾಲೆ ಎಂಬ ಪದ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಹೋಗಿದೆ, ಯಾವ ಸಹಿ ಆದ ಕಾಗದಗಳಲ್ಲಿ ಕೂತಿದೆ ಎಂಬ ಟಿಪ್ಪಣಿ. ಪರಿಭಾಷಾ ಪಟ್ಟಿಗಳಲ್ಲಿ ಪದಗಳಿಗೆ ಸ್ಥಾನಮಾನ ಬರೆಯುವ ರೂಢಿ ಇದೆ: ಮೆಚ್ಚಿದ್ದು, ಒಪ್ಪಬಹುದಾದದ್ದು, ಬೇಡವಾದದ್ದು, ಹಿಂದೆ ಇದ್ದು ಈಗ ಬದಲಾದದ್ದು. ಹೆಚ್ಚಿನವರು ಮೊದಲಿನ ಮೂರಕ್ಕೆ ನಿಲ್ಲಿಸುತ್ತಾರೆ. ಪತ್ರವ್ಯವಹಾರದಲ್ಲಿ ಮುಖ್ಯವಾದದ್ದು ಆ ನಾಲ್ಕನೆಯದು. ‘ಬೇಡವಾದದ್ದು’ ಎಂದು ಗುರುತಿಸಿ ಬಿಟ್ಟರೆ ಮುಂದೆ ಬರುವ ಅನುವಾದಕ ಅದನ್ನು ಬರೀ ತಪ್ಪು ಎಂದುಕೊಳ್ಳುತ್ತಾನೆ. ‘ಹಿಂದೆ ಇದ್ದದ್ದು’ ಎಂದು ತಾರೀಖಿನ ಸಮೇತ ಗುರುತಿಸಿದರೆ, ಹಳೆಯ ಮೇಲ್ ಉಲ್ಲೇಖಿಸಿ ಯಾರಾದರೂ ನಾಲೆ ಎಂದಾಗ ಅವರು ಏನು ಹೇಳುತ್ತಿದ್ದಾರೆಂದು ಅವನಿಗೆ ಗೊತ್ತಾಗುತ್ತದೆ.

ಇನ್ನು ಬದಲಾವಣೆಯನ್ನು ಓದುವವರಿಗೆ ಮುಟ್ಟಿಸುವುದು. ಸದ್ದಿಲ್ಲದೆ ಪದ ಬದಲಿಸಿದರೆ ಮೊದಲಿನದೇ ಗೊಂದಲ: ಹೊಸ ಪದ ಎಂದರೆ ಹೊಸ ವಸ್ತು ಎಂದೇ ಜನ ತಿಳಿಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಬದಲಾದ ಪದದ ಮೊದಲ ಮೇಲ್‌ನಲ್ಲಿ ಮೇಲುಗಡೆಯೇ ಎರಡು ಸಾಲು ಬರೆದೆ: ಈ ಹಿಂದಿನ ಪತ್ರಗಳಲ್ಲಿ ‘ನಾಲೆ’, ‘ನಾಲಾ’, ‘ಹಳ್ಳ’ ಎಂದು ಬಂದಿರುವುದು ಒಂದೇ ಕಾಮಗಾರಿ, ಇಂದಿನಿಂದ ಎಲ್ಲ ಪತ್ರಗಳಲ್ಲೂ ‘ಹಳ್ಳ’ ಎಂದಿರುತ್ತದೆ. ಮುಂದಿನ ಕೆಲವು ಮೇಲ್‌ಗಳಲ್ಲಿ ಮೊದಲ ಸಲ ಬಂದಾಗ ಮಾತ್ರ ‘ಹಳ್ಳ, ಹಿಂದಿನ ಪತ್ರಗಳ ನಾಲೆ’ ಎಂದು ಬರೆದು, ಯಾರೂ ನಾಲೆ ಎಂದು ಉತ್ತರಿಸದೆ ಇದ್ದಾಗ ಅದನ್ನು ಬಿಟ್ಟೆ. ಕೆಲವು ಕಡೆ ಮಾತ್ರ ಮುಟ್ಟಲು ಹೋಗಲಿಲ್ಲ. ಸಹಿ ಆದ ಒಪ್ಪಂದದಲ್ಲಿ ‘ನಾಲೆ’ ಇದ್ದರೆ ಅದನ್ನು ಉಲ್ಲೇಖಿಸುವಾಗ ಉದ್ಧರಣ ಚಿಹ್ನೆಯಲ್ಲಿ ಅದೇ ಪದ ಇರಬೇಕು. ನಮ್ಮ ಪಟ್ಟಿಗಾಗಿ ಒಪ್ಪಂದ ಬದಲಾಗುವುದಿಲ್ಲ. ಮೇಲ್‌ನ ವಿಷಯದ ಸಾಲನ್ನೂ ಹಾಗೇ ಬಿಟ್ಟೆ. ವಿಷಯ ಬದಲಿಸಿದರೆ ಜಿಮೇಲ್ ಅದನ್ನು ಬೇರೆ ಸಂಭಾಷಣೆ ಎಂದು ಬೇರ್ಪಡಿಸುತ್ತದೆ, ಹಳೆಯ ಸರಣಿ ಅಲ್ಲೇ ಕತ್ತರಿಸಿಹೋಗುತ್ತದೆ. ಹಾಗಾಗಿ ಆ ಸರಣಿಯ ತಲೆಯ ಮೇಲೆ ಇವತ್ತಿಗೂ ‘ನಾಲೆ ಕಾಮಗಾರಿ’ ಎಂದೇ ಇದೆ, ಒಳಗೆಲ್ಲ ಹಳ್ಳ. ನೋಡಲು ಚೆನ್ನಾಗಿಲ್ಲ, ಆದರೆ ಕೆಲಸ ನಡೆಯುತ್ತದೆ.

ಅದೇ ವಾಕ್ಯದ ಟಿಸಿಎಂಗೆ ಬರೋಣ. ಮಹಾರಾಷ್ಟ್ರದಲ್ಲಿ ಸಣ್ಣ ನೀರಿನ ಕೆಲಸಗಳ ಸಂಗ್ರಹವನ್ನು ಟಿಸಿಎಂನಲ್ಲಿ ಬರೆಯುತ್ತಾರೆ, ಅಂದರೆ ಸಾವಿರ ಘನ ಮೀಟರ್. ಲೆಕ್ಕ ಸುಲಭ: 800 ಮೀಟರ್ ಉದ್ದ, ಸರಾಸರಿ 10 ಮೀಟರ್ ಅಗಲ, 2 ಮೀಟರ್ ಆಳ, ಗುಣಿಸಿದರೆ 16,000 ಘನ ಮೀಟರ್, 16 ಟಿಸಿಎಂ. ಕರ್ನಾಟಕದ ಕಿವಿಗೆ ಟಿಎಂಸಿ ಗೊತ್ತು, ಸಾವಿರ ಮಿಲಿಯನ್ ಘನ ಅಡಿ. ಪೇಪರಿನಲ್ಲಿ ಕಾವೇರಿ, ಕೃಷ್ಣೆಯ ಸುದ್ದಿ ಬಂದಾಗಲೆಲ್ಲ ಓದುತ್ತೇವೆ. ಹಳೆಯ ಒಂದು ಮೇಲ್‌ನಲ್ಲಿ 16 ಟಿಸಿಎಂ ಎನ್ನುವುದು 16 ಟಿಎಂಸಿ ಆಗಿತ್ತು. ಬರೆದವರು ಪ್ರಾಯಶಃ ಮೂಲದಲ್ಲೇ ಅಕ್ಷರ ಹಿಂದುಮುಂದಾಗಿದೆ ಎಂದು ಭಾವಿಸಿ ‘ತಿದ್ದಿದ್ದರು’. ಆಲಮಟ್ಟಿ ಜಲಾಶಯದ ಸಾಮರ್ಥ್ಯ ಸುಮಾರು 123 ಟಿಎಂಸಿ. ನಮ್ಮ 800 ಮೀಟರ್ ಹಳ್ಳ ಆಲಮಟ್ಟಿಯ ಎಂಟರಲ್ಲೊಂದು ಪಾಲು ನೀರು ಹಿಡಿಯುತ್ತದೆ ಎಂದಾಯಿತು. ಒಂದು ಟಿಎಂಸಿ ಎಂದರೆ ಸುಮಾರು 28,317 ಟಿಸಿಎಂ; ನಮ್ಮದು ಒಂದು ಟಿಎಂಸಿಯ ಸಾವಿರದ ಒಂದು ಪಾಲೂ ಅಲ್ಲ.

ಇದನ್ನು ಯಾರೂ ಗಮನಿಸಿರಲಿಲ್ಲ ಎಂಬುದು ನನಗೆ ಹೆಚ್ಚು ಕುತೂಹಲದ ಸಂಗತಿ. ಕ್ಷೇತ್ರದವರು ಉದ್ದ, ಅಗಲ, ಆಳ ಮೂರನ್ನೇ ನೋಡುತ್ತಾರೆ, ಸಂಗ್ರಹದ ಅಂಕಿ ಅವರಿಗೆ ಬೇಡ. ಹಣಕಾಸಿನವರಿಗೆ ರೂಪಾಯಿ ಮುಖ್ಯ. ವಾರ್ಷಿಕ ವರದಿಗೆ ಹೋಗುವವರೆಗೂ ಆ ಅಂಕಿ ಯಾರ ಕಣ್ಣಿಗೂ ಬೀಳುವುದಿಲ್ಲ, ಬಿದ್ದಾಗ ತಡವಾಗಿರುತ್ತದೆ. ಹೀಗಾಗಿ ಪಟ್ಟಿಯಲ್ಲಿ ಅಳತೆಗೆ ಬೇರೆಯೇ ನಿಯಮ ಇಟ್ಟುಕೊಂಡೆ: ಹ್ರಸ್ವರೂಪ ಕನ್ನಡಕ್ಕೆ ಬರಲೇಬಾರದು, ‘16 ಸಾವಿರ ಘನ ಮೀಟರ್’ ಎಂದು ಬಿಡಿಸಿಯೇ ಬರೆಯಬೇಕು, ಮತ್ತು ಉದ್ದ-ಅಗಲ-ಆಳ ಅದೇ ಮೇಲ್‌ನಲ್ಲಿದ್ದರೆ ಕಳಿಸುವ ಮುನ್ನ ಒಮ್ಮೆ ಗುಣಿಸಿ ನೋಡಬೇಕು. ಅನುವಾದಕರಿಗೆ ಗುಣಾಕಾರ ಯಾಕೆ ಎಂದು ನಮ್ಮ ಕಚೇರಿಯಲ್ಲಿ ಒಬ್ಬರು ಕೇಳಿದರು. ಮೂಲದಲ್ಲೇ ತಪ್ಪಿದ್ದಾಗ ಅದು ಮೊದಲು ಕಾಣುವುದು ನಮಗೇ. ಆಗ ನಾವು ತಿದ್ದಬಾರದು, ಬರೆದವರನ್ನು ಕೇಳಬೇಕು.

ಪಟ್ಟಿ ಒಂದು ದಿಕ್ಕಿಗೆ ಮಾಡಿದ್ದು ಇನ್ನೊಂದು ದಿಕ್ಕಿಗೆ ಬರುವುದಿಲ್ಲ ಎಂಬುದು ‘ಯೋಜನೆ’ಯಿಂದ ನನಗೆ ಚೆನ್ನಾಗಿ ಗೊತ್ತಾದ ವಿಷಯ. ಮರಾಠಿಯಲ್ಲಿ ಪ್ರಕಲ್ಪ ಎಂದರೆ ನಾವು ನಡೆಸುವ ಈ ಕೆಲಸ, ಯೋಜನಾ ಎಂದರೆ ಸರ್ಕಾರದ ಸ್ಕೀಮು, ಆರಾಖಡಾ ಎಂದರೆ ಯಾವ ಊರಲ್ಲಿ ಯಾವ ವರ್ಷ ಏನು ಎಂದು ಬರೆದಿಟ್ಟ ನಕ್ಷೆ-ಪಟ್ಟಿ. ಕನ್ನಡದಲ್ಲಿ ಮೂರಕ್ಕೂ ಯೋಜನೆ ಎನ್ನಬಹುದು, ಮೂರೂ ಸರಿ. ಒಂದು ಮೇಲ್‌ನಲ್ಲಿ ಇಂಜಿನಿಯರ್ ಬರೆದದ್ದು: ಪ್ರಕಲ್ಪದ ಆರಾಖಡಾದಲ್ಲಿ ಜಲಯುಕ್ತ ಶಿವಾರ ಯೋಜನಾದ ಕೆಲಸಗಳನ್ನು ಹಿಡಿಯಬೇಡಿ. ಮಹಾರಾಷ್ಟ್ರ ಸರ್ಕಾರ ಆ ಸ್ಕೀಮಿನಡಿ ಈಗಾಗಲೇ ದುಡ್ಡು ಕೊಟ್ಟ ಕೆಲಸಕ್ಕೆ ನಾವೂ ದುಡ್ಡು ತೋರಿಸಬಾರದು ಎಂಬುದು ಅದರ ಅರ್ಥ, ಲೆಕ್ಕಪರಿಶೋಧನೆಯಲ್ಲಿ ಬಲು ಮುಖ್ಯವಾದ ಮಾತು. ಕನ್ನಡದಲ್ಲಿ ಅದು ‘ಯೋಜನೆಯ ಯೋಜನೆಯಲ್ಲಿ ಯೋಜನೆಯ ಕಾಮಗಾರಿಗಳನ್ನು ಸೇರಿಸಬೇಡಿ’ ಎಂದು ಹೋಗಿತ್ತು. ಓದಿದವರು ಏನನ್ನು ಬಿಡಬೇಕೆಂದು ತಿಳಿಯದೆ ಏನನ್ನೂ ಬಿಡಲಿಲ್ಲ.

ಮರಾಠಿಯಿಂದ ಕನ್ನಡಕ್ಕೆ ಇದನ್ನು ಬಿಡಿಸುವುದು ಕಷ್ಟವಲ್ಲ. ಪ್ರಕಲ್ಪಕ್ಕೆ ಪ್ರಾಜೆಕ್ಟ್ ಎಂದು ಬರೆದೆ. ಶುದ್ಧ ಕನ್ನಡದವರು ಮುಖ ಸಿಂಡರಿಸಬಹುದು, ಆದರೆ ವಿಜಯಪುರದಲ್ಲೂ ಬೆಂಗಳೂರಲ್ಲೂ ಬಾಯಿಮಾತಿನಲ್ಲಿ ಇರುವುದು ಅದೇ. ಯೋಜನಾಕ್ಕೆ ‘ಸರ್ಕಾರಿ ಯೋಜನೆ’, ಯಾವಾಗಲೂ ಜೊತೆಗೆ ಸ್ಕೀಮಿನ ಹೆಸರು. ಆರಾಖಡಾಕ್ಕೆ ‘ಕ್ರಿಯಾ ಯೋಜನೆ’, ನಮ್ಮ ಪಂಚಾಯಿತಿಗಳಲ್ಲಿ ಚಾಲ್ತಿಯಲ್ಲಿರುವ ಪದ. ಆದರೆ ವಿಜಯಪುರದಿಂದ ‘ಯೋಜನೆ ತಯಾರಾಗಿದೆ, ಮಂಜೂರು ಮಾಡಿ’ ಎಂದು ಬಂದರೆ? ಪಟ್ಟಿಯನ್ನು ತಿರುಗಿಸಿ ಓದಿದರೆ ಮೂರು ಉತ್ತರ. ಸಂದರ್ಭ ನೋಡಿ ಊಹಿಸಬಹುದು, ಹೆಚ್ಚಾಗಿ ಊಹೆ ಸರಿಯೂ ಇರುತ್ತದೆ. ಆದರೂ ದುಡ್ಡು ಅಥವಾ ಅನುಮತಿ ಅದೇ ವಾಕ್ಯದಲ್ಲಿದ್ದರೆ ಊಹಿಸುವುದಿಲ್ಲ, ಕೇಳುತ್ತೇನೆ. ಹೀಗಾಗಿ ನನ್ನ ಎಕ್ಸೆಲ್‌ನಲ್ಲಿ ಕನ್ನಡದಿಂದ ಮರಾಠಿಗೆ ಬೇರೆ ಹಾಳೆ ಇದೆ, ಅದರಲ್ಲಿ ‘ಯೋಜನೆ’ಯ ಮುಂದೆ ಮರಾಠಿ ಪದವೇ ಇಲ್ಲ, ‘ಕೇಳು’ ಎಂದಷ್ಟೇ ಇದೆ.

ಎಲ್ಲರಿಗೂ ಒಂದೇ ಪದ ಎಂಬ ನಿಯಮವನ್ನು ನಾನು ಮುರಿದ ಒಂದು ಜಾಗವೂ ಇದೆ. ಮರಾಠಿಯ ಸಾತಬಾರಾ ಉತಾರಾ, ಅಂದರೆ ಜಮೀನು ಯಾರದ್ದು, ಏನು ಬೆಳೆ ಎಂದು ಹೇಳುವ ಕಂದಾಯದ ಕಾಗದ. ವಿಜಯಪುರದ ರೈತರಿಗೆ ಅದು ಉತಾರ. ಹೊಲದಲ್ಲಿ ನಿಂತು ‘ಪಹಣಿ ತರ್ರಿ’ ಅಂದರೂ ತರುತ್ತಾರೆ, ಆದರೆ ಉತಾರ ಎಂದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಬೆಂಗಳೂರಿನ ಕಚೇರಿಗೆ ಉತಾರ ಎಂದರೆ ಏನೂ ಅಲ್ಲ, ಪಹಣಿ ಮಾತ್ರ ಗೊತ್ತು. ಇಬ್ಬರಿಗೂ ಒಂದೇ ಮೇಲ್ ಹೋದರೆ ಪಹಣಿ ಎಂದೇ ಬರೆಯುತ್ತೇನೆ, ಏಕೆಂದರೆ ಅದು ಸರ್ಕಾರಿ ಕಾಗದದ ಮೇಲಿರುವ ಪದ. ಕ್ಷೇತ್ರದವರಿಗೆ ಮಾತ್ರ ಹೋಗುವ ಸೂಚನೆಯಲ್ಲಿ ಉತಾರ. ಪಟ್ಟಿಯಲ್ಲಿ ‘ಯಾರಿಗೆ’ ಎಂಬ ಅಂಕಣ ಇರುವುದು ಇಂಥದ್ದಕ್ಕೆ. ಇದನ್ನು ಸಡಿಲ ಬಿಟ್ಟರೆ ಪ್ರತಿ ಪದಕ್ಕೂ ಎರಡೆರಡು ರೂಪ ಬಂದು ಪಟ್ಟಿಯ ಉದ್ದೇಶವೇ ಹಾಳಾಗುತ್ತದೆ, ಆದ್ದರಿಂದ ಓದುಗರು ನಿಜಕ್ಕೂ ಬೇರೆ ಬೇರೆ ಕಾಗದ ಕೈಯಲ್ಲಿ ಹಿಡಿದಿದ್ದರೆ ಮಾತ್ರ ಈ ವಿನಾಯಿತಿ.

ಕಚೇರಿಯ ಪದಗಳಿಗೆ ನಾನು ತಲೆ ಕೆಡಿಸಿಕೊಂಡಿಲ್ಲ. ತಾಂತ್ರಿಕ ಮಾನ್ಯತಾ, ಪ್ರಶಾಸಕೀಯ ಮಾನ್ಯತಾ ಎಂಬಂಥವಕ್ಕೆ ಕರ್ನಾಟಕದ ಕಚೇರಿಗಳಲ್ಲಿ ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ ಎಂದು ಗಟ್ಟಿಯಾದ ಪದಗಳಿವೆ, ಅವನ್ನೇ ಹಾಕಿ ಮುಗಿಸಿದೆ. ಒಂದೇ ಎಚ್ಚರ: ಮಾನ್ಯತಾ ಕಂಡಲ್ಲೆಲ್ಲ ಕೈ ತಾನಾಗಿ ‘ಮಾನ್ಯತೆ’ ಎಂದು ಬರೆಯಲು ಹೋಗುತ್ತದೆ, ಕನ್ನಡದಲ್ಲಿ ಮಾನ್ಯತೆ ಸಿಗುವುದು ಕಾಲೇಜುಗಳಿಗೆ.

ಪಟ್ಟಿ ಬೆಳೆಯದಂತೆ ನೋಡಿಕೊಳ್ಳುವುದು ಪಟ್ಟಿ ಮಾಡುವುದಕ್ಕಿಂತ ಕಷ್ಟ. ಮೊದಲ ಉತ್ಸಾಹದಲ್ಲಿ ಏರಿ, ಕೋಡಿ, ಬದು, ಕೃಷಿ ಹೊಂಡ ಎಲ್ಲವನ್ನೂ ಸೇರಿಸಿದ್ದೆ. ಇವು ಯಾರಿಗೂ ಯಾವತ್ತೂ ಅನುಮಾನ ಹುಟ್ಟಿಸಿದ ಪದಗಳಲ್ಲ. ಪಟ್ಟಿ ಒಂದು ಪರದೆ ದಾಟಿ ಕೆಳಗಿಳಿದ ಕೂಡಲೇ ಅದನ್ನು ತೆರೆದು ನೋಡುವುದನ್ನೇ ಬಿಡುತ್ತೇವೆ, ನೆನಪಿನಿಂದ ಬರೆಯುತ್ತೇವೆ. ಈಗ ಒಂದು ಪದ ಒಳಗೆ ಬರಬೇಕಾದರೆ ಅದರಿಂದ ಯಾರಾದರೂ ಪ್ರಶ್ನೆ ಕೇಳಿರಬೇಕು, ಅಥವಾ ಹಳೆಯ ಮೇಲ್‌ಗಳಲ್ಲಿ ಅದು ಎರಡು ರೂಪದಲ್ಲಿ ಸಿಕ್ಕಿರಬೇಕು, ಅಥವಾ ಅದರ ಮೇಲೆ ದುಡ್ಡು ನಿಂತಿರಬೇಕು. ಹೂಳು ಎಂಬುದನ್ನು ಇದೇ ಲೆಕ್ಕದಲ್ಲಿ ಉಳಿಸಿಕೊಂಡೆ. ಹಳ್ಳದ ಹೂಳೆತ್ತುವುದು ಮತ್ತು ಹಳ್ಳವನ್ನು ಆಳ ಮಾಡುವುದು ಮೇಲ್ನೋಟಕ್ಕೆ ಒಂದೇ, ಎರಡಕ್ಕೂ ಅದೇ ಜೆಸಿಬಿ. ಆದರೆ ಮೊದಲನೆಯದು ಮೂಲ ತಳದವರೆಗೆ ಬಂದು ಕೂತ ಮಣ್ಣನ್ನು ತೆಗೆಯುವುದು, ಎರಡನೆಯದು ಮೂಲ ತಳಕ್ಕಿಂತ ಕೆಳಗೆ ಹೋಗುವುದು. ಅಂದಾಜಿನಲ್ಲಿ ಇವು ಬೇರೆ ಬೇರೆ ಬಾಬತ್ತು. ಕನ್ನಡ ಮೇಲ್‌ಗಳಲ್ಲಿ ಎರಡನ್ನೂ ಹೂಳೆತ್ತುವುದು ಎಂದೇ ಬರೆಯುತ್ತಾರೆ, ಮರಾಠಿ ಮಾಡುವಾಗ ಗಾಳ ಕಾಢಣೆ ಎಂದು ಹಾಕಿಬಿಟ್ಟರೆ ಬಿಲ್ಲು ತಪ್ಪಾದ ಬಾಬತ್ತಿಗೆ ಹೋಗುತ್ತದೆ. ಇದಕ್ಕೆ ಪದಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕಾಮಗಾರಿಯ ಸಂಖ್ಯೆ. ಪ್ರತಿ ಕೆಲಸಕ್ಕೂ ಅಂದಾಜಿನಲ್ಲಿ ಒಂದು ಸಂಖ್ಯೆ ಇದೆ, ಅದು ಯಾವ ಭಾಷೆಗೂ ಅನುವಾದವಾಗುವುದಿಲ್ಲ. ಮೂಲದಲ್ಲಿ ಇರಲಿ ಬಿಡಲಿ, ಪದದ ಪಕ್ಕದಲ್ಲಿ ಆ ಸಂಖ್ಯೆ ಹಾಕಲು ಎರಡೂ ಕಡೆಯವರಿಂದ ಒಪ್ಪಿಗೆ ತೆಗೆದುಕೊಂಡಿದ್ದೇನೆ.

ಸದ್ಯಕ್ಕೆ ಪಟ್ಟಿಯಲ್ಲಿ ತೀರ್ಮಾನವಾಗದೆ ನಿಂತಿರುವ ಸಾಲು ಒಂದಿದೆ, ಲೋಕವರ್ಗಣಿ. ಊರವರು ಕೆಲಸದ ಖರ್ಚಿಗೆ ಕೊಡುವ ಪಾಲು. ಕನ್ನಡದಲ್ಲಿ ಹಳೆಯ ಮೇಲ್‌ಗಳು ‘ಜನರ ವಂತಿಗೆ’ ಎಂದಿವೆ, ಸಂಯೋಜಕರು ‘ಊರ ಪಟ್ಟಿ’ ಎನ್ನುತ್ತಾರೆ. ಪದದ ಸಮಸ್ಯೆ ಅಲ್ಲ ಇದು. ಟ್ರ್ಯಾಕ್ಟರಿನಲ್ಲಿ ಹೂಳು ಹೊತ್ತು ತಮ್ಮ ಹೊಲಕ್ಕೆ ಹಾಕಿಕೊಂಡ ರೈತರ ಡೀಸೆಲ್ ಖರ್ಚು ವಂತಿಗೆಯಲ್ಲಿ ಬರುತ್ತದೋ ಇಲ್ಲವೋ ಎಂಬುದರ ಬಗ್ಗೆ ಪುಣೆಯವರಿಗೂ ವಿಜಯಪುರದವರಿಗೂ ಒಮ್ಮತ ಇಲ್ಲ. ವಂತಿಗೆ ಎಂದರೆ ಕೈಯಿಂದ ಕೊಟ್ಟ ರೊಕ್ಕ ಎಂದು ಅಲ್ಲಿಯವರ ಗ್ರಹಿಕೆ; ಖರ್ಚಾದದ್ದೆಲ್ಲ ಲೋಕವರ್ಗಣಿಯೇ ಎಂದು ಇಲ್ಲಿಯವರದು. ವಿವರಣೆಯ ಅಂಕಣ ಖಾಲಿ ಬಿಟ್ಟು ಇಬ್ಬರಿಗೂ ಒಂದೇ ಪ್ರಶ್ನೆ ಕಳಿಸಿದ್ದೇನೆ. ಉತ್ತರ ಬರುವವರೆಗೆ ‘ಊರವರ ಪಾಲು, ನಗದು’ ಮತ್ತು ‘ಊರವರ ಪಾಲು, ಸಾಗಣೆ’ ಎಂದು ಎರಡಾಗಿ ಬಿಡಿಸಿ ಬರೆಯುತ್ತಿದ್ದೇನೆ. ಲೆಕ್ಕದ ಅಕ್ಕ ಇದರಿಂದ ಬಹಳ ಖುಷಿಯಾಗಿಲ್ಲ, ಅವರ ತಃಖ್ತೆಯಲ್ಲಿ ಇರುವುದು ಒಂದೇ ಕಾಲಂ.